ಎರಡು ಲೂಪ್, ಎರಡು ಸೋರ್ಸ್: ಮೆಶ್ ಕರೆಂಟ್ ಸಮೀಕರಣಗಳನ್ನು ಚಿಹ್ನೆ ತಪ್ಪದೆ ಬರೆಯುವ ಕ್ರಮ

ಒಂದೊಂದು ಲೂಪಿಗೂ ಸುತ್ತುವ ಕರೆಂಟೊಂದನ್ನು ಇಟ್ಟುಕೊಂಡು ಬಿಡಿಸುವ ಮೆಶ್ ಲೆಕ್ಕದಲ್ಲಿ ಎಡವುವವರ ಪುಟಗಳನ್ನು ನೋಡಿದರೆ ಸಮೀಕರಣ ಬಿಡಿಸಿದ ಭಾಗ ಬಹುತೇಕ ಸರಿಯಾಗಿಯೇ ಇರುತ್ತದೆ. ಎರಡು ಚರಾಕ್ಷರಗಳ ಸಮೀಕರಣ ಬಿಡಿಸುವುದು ಹೈಸ್ಕೂಲಿನಲ್ಲೇ ಕೈಗೆ ಹತ್ತಿರುತ್ತದೆ. ತಪ್ಪು ನುಸುಳುವುದು ಅದಕ್ಕೂ ಮುಂಚೆ, ಚಿತ್ರದಿಂದ ಸಮೀಕರಣಕ್ಕೆ ದಾಟುವಾಗ. ಅದೂ ಸಾಮಾನ್ಯವಾಗಿ ಎರಡೇ ಜಾಗಗಳಲ್ಲಿ: ಎರಡೂ ಲೂಪ್‌ಗಳಿಗೆ ಸೇರಿದ ನಡುವಿನ ರೆಸಿಸ್ಟರಿನಲ್ಲಿ, ಮತ್ತು ಎರಡನೇ ಸೋರ್ಸಿನ ಪ್ಲಸ್-ಮೈನಸ್‌ನಲ್ಲಿ. ಆದ್ದರಿಂದ ಇಲ್ಲಿ ಒಂದೇ ಸರ್ಕ್ಯೂಟನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸೋಣ. ಆ ಎರಡು ಜಾಗಗಳಲ್ಲಿ ಹೆಚ್ಚು ಹೊತ್ತು ನಿಲ್ಲೋಣ.

## ಬೇಕಾಗುವುದು

ಕಾಗದ, ಪೆನ್ಸಿಲ್, ಎರಡು ಬಣ್ಣದ ಪೆನ್. ಬಣ್ಣ ಅಲಂಕಾರಕ್ಕಲ್ಲ, ಮೊದಲ ಲೂಪಿನ ಗುರುತುಗಳು ಒಂದು ಬಣ್ಣದಲ್ಲಿ, ಎರಡನೆಯದರವು ಇನ್ನೊಂದರಲ್ಲಿ ಇದ್ದರೆ ನಡುವಿನ ರೆಸಿಸ್ಟರಿನ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಉತ್ತರವನ್ನು ಅಳೆದು ನೋಡುವ ಆಸೆಯಿದ್ದರೆ ಬ್ರೆಡ್‌ಬೋರ್ಡ್, ಮಲ್ಟಿಮೀಟರ್, 1 kΩ, 2 kΩ, 3 kΩ ರೆಸಿಸ್ಟರುಗಳು, ಮತ್ತು ಎರಡು ಪ್ರತ್ಯೇಕ ಡಿ.ಸಿ. ಸಪ್ಲೈಗಳು ಬೇಕು.

ಮೊದಲೇ ಗೊತ್ತಿರಬೇಕಾದ ನಿಯಮಗಳು ಎರಡು. ಓಮ್ ನಿಯಮ: ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಎಂದರೆ ಕರೆಂಟ್ ಗುಣಿಸು ರೋಧ. ಕಿರ್ಚಾಫ್‌ನ ವೋಲ್ಟೇಜ್ ನಿಯಮ: ಒಂದು ಲೂಪನ್ನು ಪೂರ್ತಿ ಸುತ್ತಿ ಹೊರಟ ಜಾಗಕ್ಕೇ ಬಂದರೆ, ದಾರಿಯಲ್ಲಿ ಏರಿದ ವೋಲ್ಟೇಜ್ ಎಷ್ಟೋ ಇಳಿದದ್ದೂ ಅಷ್ಟೇ.

## ಹಂತ 1: ಚಿತ್ರ ಬರೆದು ಎಲ್ಲಕ್ಕೂ ಹೆಸರಿಡಿ

```
   a       R1 = 1 kΩ       b       R2 = 3 kΩ       c
   +---------/\/\/---------+---------/\/\/---------+
   |                       |                       |
 + |                       |                     + |
 V1 = 8 V             R3 = 2 kΩ               V2 = 9 V
 − |                       |                     − |
   |                       |                       |
   +-----------------------+-----------------------+
                           d
```

ಎಡಗಡೆ ಒಂದು ಲೂಪ್, ಬಲಗಡೆ ಒಂದು ಲೂಪ್, ನಡುವೆ ಎರಡಕ್ಕೂ ಸೇರಿದ R3. ಎರಡೂ ಸೋರ್ಸ್‌ಗಳ ಪ್ಲಸ್ ತುದಿ ಮೇಲಕ್ಕಿದೆ. ಈ ಪ್ಲಸ್-ಮೈನಸ್ ಗುರುತುಗಳನ್ನು ಪ್ರಶ್ನೆಯಲ್ಲಿ ಇದ್ದ ಹಾಗೆಯೇ ಬರೆದುಕೊಳ್ಳಿ. ಅವು ಕೊಟ್ಟ ಮಾಹಿತಿ, ಬದಲಿಸುವ ಸ್ವಾತಂತ್ರ್ಯ ನಮಗಿಲ್ಲ.

ಇಲ್ಲಿ ಹಲವರು ಸರ್ಕ್ಯೂಟನ್ನು ಚಿಕ್ಕದು ಮಾಡಹೋಗಿ R1, R3 ಎರಡನ್ನೂ ಸರಣಿ ಎಂದುಕೊಂಡು 3 kΩ ಎಂದು ಕೂಡಿಸಿಬಿಡುತ್ತಾರೆ. ಹಾಗೆ ಮಾಡಬಾರದು. ಎರಡು ರೆಸಿಸ್ಟರುಗಳು ಸರಣಿಯಲ್ಲಿರಬೇಕಾದರೆ ಎರಡರಲ್ಲೂ ಒಂದೇ ಕರೆಂಟ್ ಹರಿಯಬೇಕು. b ಬಿಂದುವಿನಲ್ಲಿ R2 ಕೂಡ ಬಂದು ಸೇರುವುದರಿಂದ R1 ಮತ್ತು R3ರ ಕರೆಂಟ್ ಬೇರೆಬೇರೆ. ಮುಂದೆ ಮೊದಲ ಸಮೀಕರಣದಲ್ಲಿ 1 + 2 = 3 ಎಂಬ ಮೊತ್ತ ಹೇಗೂ ಕಾಣಿಸಿಕೊಳ್ಳುತ್ತದೆ, ಆದರೆ ಅಲ್ಲಿಗೆ ಅದು ಬೇರೆ ದಾರಿಯಿಂದ ಬರುತ್ತದೆ, ಜೊತೆಗೊಂದು ತಿದ್ದುಪಡಿಯ ಪದವನ್ನೂ ತರುತ್ತದೆ.

## ಹಂತ 2: ಎರಡೂ ಮೆಶ್ ಕರೆಂಟ್‌ಗಳನ್ನು ಒಂದೇ ದಿಕ್ಕಿನಲ್ಲಿ ಎಳೆಯಿರಿ

ಎಡ ಲೂಪಿನೊಳಗೆ I1, ಬಲ ಲೂಪಿನೊಳಗೆ I2 ಎಂದು ಬಾಗಿದ ಬಾಣಗಳನ್ನು ಹಾಕಿ. ಎರಡೂ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಇರಲಿ.

«ಬಲಗಡೆಯ ಕರೆಂಟ್ ನಿಜವಾಗಿ ಎತ್ತ ಹರಿಯುತ್ತದೋ ಗೊತ್ತಿಲ್ಲವಲ್ಲ» ಎಂದು ಇಲ್ಲೇ ನಿಂತುಬಿಡುವವರಿದ್ದಾರೆ. ಗೊತ್ತಿರಬೇಕಾಗಿಯೂ ಇಲ್ಲ. ಬಾಣ ನಾವು ಇಟ್ಟುಕೊಂಡ ಹೆಸರು ಮಾತ್ರ. ನಿಜವಾದ ಹರಿವು ಅದಕ್ಕೆ ವಿರುದ್ಧವಾಗಿದ್ದರೆ ಉತ್ತರ ಮೈನಸ್ ಆಗಿ ಬಂದು ಅದನ್ನು ತಾನೇ ಹೇಳುತ್ತದೆ. ಬದಲಿಗೆ, V2ರ ಪ್ಲಸ್ ನೋಡಿ «ಇದು ಎಡಕ್ಕೆ ತಳ್ಳುತ್ತದೆ» ಎಂದು ಊಹಿಸಿ ಆ ಬಾಣವೊಂದನ್ನು ತಿರುಗಿಸಿದರೆ ಲೆಕ್ಕ ಕೆಡುವುದಿಲ್ಲ, ಆದರೆ ಮುಂದೆ ಬರುವ ಚಿಹ್ನೆಗಳ ನಿಯಮಿತ ರೂಪ ಕೈತಪ್ಪುತ್ತದೆ. ಹೊಸಬರಿಗೆ ಆ ರೂಪವೇ ದೊಡ್ಡ ಆಸರೆ. ಅದನ್ನು ಬಿಟ್ಟುಕೊಡಬೇಡಿ.

ಮೆಶ್ ಕರೆಂಟ್ ಮತ್ತು ರೆಸಿಸ್ಟರಿನ ಕರೆಂಟ್ ಒಂದೇ ಅಲ್ಲ ಎಂಬುದನ್ನೂ ಈಗಲೇ ಮನಸ್ಸಿಗೆ ತಂದುಕೊಳ್ಳಿ. R1 ಎಡ ಲೂಪಿನಲ್ಲಿ ಮಾತ್ರ ಇದೆ, ಹಾಗಾಗಿ ಅದರ ಕರೆಂಟ್ I1. R2 ಬಲ ಲೂಪಿನಲ್ಲಿ ಮಾತ್ರ ಇದೆ, ಅದರದು I2. R3 ಮೂಲಕ ಎರಡೂ ಹಾಯುತ್ತವೆ: I1 ಮೇಲಿನಿಂದ ಕೆಳಕ್ಕೆ, I2 ಕೆಳಗಿನಿಂದ ಮೇಲಕ್ಕೆ. ನಿಮ್ಮ ಎರಡು ಬಣ್ಣದ ಬಾಣಗಳನ್ನು R3ರ ಎರಡು ಪಕ್ಕಗಳಲ್ಲಿ ನೋಡಿ. ಅವು ಎದುರುಬದುರಾಗಿ ಇರಬೇಕು. ಒಂದೇ ಕಡೆಗೆ ಮುಖ ಮಾಡಿದ್ದರೆ ಒಂದು ಬಾಣವನ್ನು ತಿರುವುಮುರುವು ಎಳೆದಿದ್ದೀರಿ.

ಆದ್ದರಿಂದ R3ರಲ್ಲಿ ಕೆಳಮುಖವಾಗಿ ಹರಿಯುವ ಕರೆಂಟ್ I1 − I2. ಮೇಲ್ಮುಖವಾಗಿ ಎಣಿಸಿದರೆ I2 − I1.

## ಹಂತ 3: ಮೊದಲ ಲೂಪನ್ನು ಸುತ್ತಿ

ಸುತ್ತುವಾಗ ಒಂದೇ ಕಟ್ಟುಪಾಡು ಇಟ್ಟುಕೊಳ್ಳೋಣ. ಆ ಲೂಪಿನ ಬಾಣದ ದಿಕ್ಕಿನಲ್ಲೇ ನಡೆಯುತ್ತೇವೆ. ರೆಸಿಸ್ಟರುಗಳಲ್ಲಿ ಆಗುವ ಇಳಿತಗಳೆಲ್ಲ ಸಮ ಚಿಹ್ನೆಯ ಎಡಕ್ಕೆ, ಸೋರ್ಸ್‌ಗಳು ಬಲಕ್ಕೆ. ಸೋರ್ಸನ್ನು ಮೈನಸ್ ತುದಿಯಿಂದ ಹೊಕ್ಕು ಪ್ಲಸ್‌ನಲ್ಲಿ ಹೊರಬಂದರೆ ಅದು ಏರಿಕೆ, ಪ್ಲಸ್ ಬರೆಯಿರಿ. ಪ್ಲಸ್‌ನಿಂದ ಹೊಕ್ಕು ಮೈನಸ್‌ನಲ್ಲಿ ಹೊರಬಂದರೆ ಮೈನಸ್ ಬರೆಯಿರಿ.

d ಬಿಂದುವಿನಿಂದ ಹೊರಡಿ. ಎಡಗಡೆ V1 ಮೂಲಕ ಮೇಲೇರುವಾಗ ಮೊದಲು ಸಿಗುವುದು ಮೈನಸ್, ಆಮೇಲೆ ಪ್ಲಸ್. ಹಾಗಾಗಿ +8. ಮುಂದೆ R1ರಲ್ಲಿ ಇಳಿತ 1·I1. b ಬಿಂದುವಿನಲ್ಲಿ ಕೆಳಗೆ ತಿರುಗಿ R3 ಮೂಲಕ ಇಳಿಯುವಾಗ, ನಾವು ನಡೆಯುತ್ತಿರುವ ದಿಕ್ಕಿನ ಕರೆಂಟ್ I1 − I2, ಇಳಿತ 2(I1 − I2).

```
1·I1 + 2(I1 − I2) = 8
3·I1 − 2·I2 = 8          ... (1)
```

ಇಲ್ಲಿ ಕರೆಂಟ್‌ನ ಮೂಲಮಾನವನ್ನು ಗಮನಿಸಿ. ರೋಧವನ್ನು kΩ ಲೆಕ್ಕದಲ್ಲೇ ಬಿಟ್ಟು ವೋಲ್ಟೇಜನ್ನು ವೋಲ್ಟ್‌ನಲ್ಲಿ ಬರೆದರೆ ಕರೆಂಟ್ ತಾನಾಗಿ ಮಿಲಿಆಂಪಿಯರ್‌ನಲ್ಲಿ ಬರುತ್ತದೆ. ಸೊನ್ನೆಗಳ ಕಾಟ ತಪ್ಪುವುದರಿಂದ ಇದೇ ಒಳ್ಳೆಯ ಅಭ್ಯಾಸ. ಆದರೆ ಒಂದು ರೆಸಿಸ್ಟರ್ 470 Ω ಎಂದು ಕೊಟ್ಟಿದ್ದರೆ ಅದನ್ನೂ 0.47 ಮಾಡಿಕೊಂಡೇ ಬರೆಯಬೇಕು. ಬೆರೆಸಿದರೆ ಆ ರೋಧ ಸಾವಿರ ಪಟ್ಟು ದೊಡ್ಡದಾಗಿ ಉತ್ತರ ಕೆಡುತ್ತದೆ.

## ಹಂತ 4: ಎರಡನೇ ಲೂಪನ್ನು ಸುತ್ತಿ

ಹೆಚ್ಚಿನ ತಪ್ಪುಗಳ ತವರು ಇದು, ನಿಧಾನವಾಗಿ ಹೋಗೋಣ. ಮತ್ತೆ d ಬಿಂದುವಿನಿಂದಲೇ ಹೊರಡಿ. ಬಲ ಲೂಪಿನಲ್ಲಿ ಗಡಿಯಾರದ ದಿಕ್ಕು ಎಂದರೆ R3 ಮೂಲಕ ಮೇಲಕ್ಕೆ, R2 ಮೂಲಕ ಬಲಕ್ಕೆ, V2 ಮೂಲಕ ಕೆಳಕ್ಕೆ.

R3ರಲ್ಲಿ ಈಗ ನಾವು ಮೇಲಕ್ಕೆ ನಡೆಯುತ್ತಿದ್ದೇವೆ. ಈ ದಿಕ್ಕಿನ ಕರೆಂಟ್ I2 − I1, ಇಳಿತ 2(I2 − I1). ಮೊದಲ ಲೂಪಿನಲ್ಲಿ I1 − I2 ಬರೆದದ್ದು ಕಣ್ಣ ಮುಂದಿರುವುದರಿಂದ ಅದನ್ನೇ ಇಲ್ಲಿಗೂ ಇಳಿಸುವ ಸೆಳೆತ ಬಲವಾಗಿರುತ್ತದೆ. ಅದೇ ರೆಸಿಸ್ಟರ್ ನಿಜ, ಆದರೆ ನಾವು ನಡೆಯುವ ದಿಕ್ಕು ತಿರುಗಿದೆ. ನೆನಪಿಡಲು ಸುಲಭ ದಾರಿ: ಯಾವ ಲೂಪನ್ನು ಸುತ್ತುತ್ತಿದ್ದೀರೋ ಆ ಲೂಪಿನ ಕರೆಂಟ್ ಆವರಣದೊಳಗೆ ಮೊದಲು ಬರಬೇಕು, ಪ್ಲಸ್ ಆಗಿ.

R2ರಲ್ಲಿ ಇಳಿತ 3·I2. ಇನ್ನು V2. c ಬಿಂದುವಿನಿಂದ ಕೆಳಗಿಳಿಯುವಾಗ ಮೊದಲು ಸಿಗುವುದು ಪ್ಲಸ್ ತುದಿ, ಹೊರಬರುವುದು ಮೈನಸ್‌ನಲ್ಲಿ. ಆದ್ದರಿಂದ ಬಲಗಡೆ −9. «ಸೋರ್ಸ್ ಅಂದಮೇಲೆ ಪ್ಲಸ್» ಎಂಬ ಭಾವನೆ ಇಲ್ಲಿ ಮೋಸ ಮಾಡುತ್ತದೆ. ಚಿತ್ರದಲ್ಲಿ V1, V2 ಎರಡರ ಪ್ಲಸ್ ತುದಿಯೂ ಮೇಲಕ್ಕೇ ಇದೆ. ಆದರೂ ಒಂದನ್ನು ಕೆಳಗಿನಿಂದ ಹತ್ತುತ್ತೇವೆ, ಇನ್ನೊಂದನ್ನು ಮೇಲಿನಿಂದ ಇಳಿಯುತ್ತೇವೆ. ಹಾಗಾಗಿ ಚಿಹ್ನೆ ಬೇರೆಬೇರೆ.

```
2(I2 − I1) + 3·I2 = −9
−2·I1 + 5·I2 = −9        ... (2)
```

## ಹಂತ 5: ಬಿಡಿಸುವ ಮೊದಲು ರೂಪ ನೋಡಿ

ಎರಡೂ ಸಮೀಕರಣಗಳನ್ನು ಒಂದರ ಕೆಳಗೊಂದು, I1ರ ಕೆಳಗೆ I1, I2ರ ಕೆಳಗೆ I2 ಬರುವಂತೆ ಬರೆಯಿರಿ.

```
 3·I1 − 2·I2 =  8
−2·I1 + 5·I2 = −9
```

ಮೊದಲ ಸಾಲಿನ 3 ಎಂದರೆ ಎಡ ಲೂಪಿನ ರೆಸಿಸ್ಟರುಗಳ ಮೊತ್ತ, 1 + 2. ಎರಡನೇ ಸಾಲಿನ 5 ಬಲ ಲೂಪಿನದು, 3 + 2. ಇವೆರಡೂ ಯಾವಾಗಲೂ ಪ್ಲಸ್. ಉಳಿದೆರಡು ಜಾಗದಲ್ಲಿ ನಡುವಿನ ರೆಸಿಸ್ಟರು, ಎರಡೂ ಕಡೆ ಅದೇ ಸಂಖ್ಯೆ, ಎರಡೂ ಮೈನಸ್. ಬಾಣಗಳೆರಡೂ ಗಡಿಯಾರದ ದಿಕ್ಕಿನಲ್ಲಿದ್ದು ಸರ್ಕ್ಯೂಟಿನಲ್ಲಿ ರೆಸಿಸ್ಟರು ಮತ್ತು ವೋಲ್ಟೇಜ್ ಸೋರ್ಸ್‌ಗಳಷ್ಟೇ ಇದ್ದರೆ ಈ ರೂಪ ತಪ್ಪುವುದಿಲ್ಲ. ಎರಡು −2ಗಳಲ್ಲಿ ಒಂದು ಪ್ಲಸ್ ಆಗಿ ಕಂಡರೆ ಅಲ್ಲೇ ನಿಲ್ಲಿ. ಬಿಡಿಸಿ ಪ್ರಯೋಜನವಿಲ್ಲ.

ಈ ರೂಪ ಕಂಡಮೇಲೆ ಲೂಪ್ ಸುತ್ತದೆ ನೇರವಾಗಿ ಸಂಖ್ಯೆ ತುಂಬುವ ಆಸೆಯಾಗುತ್ತದೆ. ಮೊದಲ ಹತ್ತು ಹನ್ನೆರಡು ಲೆಕ್ಕಗಳಿಗೆ ಹಾಗೆ ಮಾಡಬೇಡಿ ಎಂಬುದು ನನ್ನ ಸಲಹೆ. ರೂಪ ಎಡಗಡೆಯನ್ನು ಮಾತ್ರ ಕಾಯುತ್ತದೆ. ಬಲಗಡೆಯ +8, −9 ಚಿಹ್ನೆಗಳಿಗೆ ಲೂಪ್ ಸುತ್ತುವುದೇ ದಾರಿ.

## ಹಂತ 6: ಬಿಡಿಸಿ

ವರ್ಜಿಸುವ ವಿಧಾನ ಸಾಕು. (1)ನ್ನು 2ರಿಂದ, (2)ನ್ನು 3ರಿಂದ ಗುಣಿಸಿ ಕೂಡಿಸಿ.

```
 6·I1 −  4·I2 =  16
−6·I1 + 15·I2 = −27
        11·I2 = −11
           I2 = −1 mA

3·I1 − 2(−1) = 8
        3·I1 = 6
          I1 = 2 mA
```

## ಹಂತ 7: ಮೈನಸ್ ಉತ್ತರವನ್ನು ಓದಿ

I2 ಮೈನಸ್ ಬಂದಿದೆ. ಹೆದರಿ ಅದನ್ನು ಅಳಿಸಬೇಡಿ, ಬಾಣ ತಿರುಗಿಸಿ ಮತ್ತೆ ಶುರುವೂ ಮಾಡಬೇಡಿ. ಬಲ ಲೂಪಿನಲ್ಲಿ 1 mA ಕರೆಂಟ್ ಗಡಿಯಾರಕ್ಕೆ ವಿರುದ್ಧವಾಗಿ ಹರಿಯುತ್ತಿದೆ ಎಂದಷ್ಟೇ ಇದರರ್ಥ. ಅಂದರೆ R2ರಲ್ಲಿ ಬಲದಿಂದ ಎಡಕ್ಕೆ, V2ರ ಪ್ಲಸ್ ತುದಿಯಿಂದ ಹೊರಕ್ಕೆ.

R3ರ ಕರೆಂಟ್ ಹಾಕುವಾಗ ಆ ಮೈನಸ್ ಮತ್ತೆ ಕೆಲಸಕ್ಕೆ ಬರುತ್ತದೆ:

```
I1 − I2 = 2 − (−1) = 3 mA, ಕೆಳಮುಖ
```

ಇಲ್ಲಿ 2 − 1 = 1 ಎಂದು ಬರೆದು ಮುಗಿಸಿದ ಉತ್ತರಪತ್ರಿಕೆಗಳಿಗೆ ಲೆಕ್ಕವಿಲ್ಲ. «I2 ದಿಕ್ಕು ತಿಳಿಯಿತಲ್ಲ, ಇನ್ನು 1 ಎಂದೇ ಇಟ್ಟುಕೊಳ್ಳೋಣ» ಎಂದು ಮನಸ್ಸು ಮೈನಸ್ಸನ್ನು ಬಿಟ್ಟುಬಿಡುತ್ತದೆ. ಸೂತ್ರದಲ್ಲಿ ಹಾಕುವಾಗ ಸಂಖ್ಯೆಯನ್ನು ಚಿಹ್ನೆಸಮೇತ ಆವರಣದೊಳಗೆ ಹಾಕಿ. ಬುದ್ಧಿಯಿಂದಲೂ ಇದು ಸರಿ ಕಾಣುತ್ತದೆ: R1 ಕಡೆಯಿಂದ 2 mA, R2 ಕಡೆಯಿಂದ 1 mA b ಬಿಂದುವಿಗೆ ಬಂದು ಸೇರಿದರೆ R3ರಲ್ಲಿ 3 mA ಇಳಿಯಲೇಬೇಕು.

## ಹಂತ 8: ಸಮೀಕರಣದಲ್ಲಲ್ಲ, ಚಿತ್ರದಲ್ಲಿ ತಾಳೆ ನೋಡಿ

ಉತ್ತರವನ್ನು ನೀವೇ ಬರೆದ ಸಮೀಕರಣಗಳಲ್ಲಿ ಹಾಕಿ ನೋಡಿದರೆ ಬಿಡಿಸಿದ್ದು ಸರಿಯೇ ಎಂದು ಮಾತ್ರ ತಿಳಿಯುತ್ತದೆ. ಸಮೀಕರಣವೇ ತಪ್ಪಾಗಿದ್ದರೂ ಅದರ ಉತ್ತರ ಅದರಲ್ಲಿ ಸರಿಯಾಗಿ ಕೂರುತ್ತದೆ. ಹಾಗಾಗಿ ತಾಳೆಯನ್ನು ಚಿತ್ರಕ್ಕೆ ಮರಳಿ ಮಾಡಬೇಕು.

d ಬಿಂದುವನ್ನು ಸೊನ್ನೆ ವೋಲ್ಟ್ ಎಂದಿಟ್ಟುಕೊಂಡು b ಬಿಂದುವಿನ ವೋಲ್ಟೇಜನ್ನು ಮೂರು ದಾರಿಗಳಿಂದ ಲೆಕ್ಕ ಹಾಕಿ. ಎಡದಿಂದ: 8 ವೋಲ್ಟ್‌ನಲ್ಲಿ R1ರ 2 ವೋಲ್ಟ್ ಕಳೆದರೆ 6. ನಡುವಿನಿಂದ: 3 mA, 2 kΩ, ಗುಣಿಸಿದರೆ 6. ಬಲದಿಂದ: 9 ವೋಲ್ಟ್‌ನಲ್ಲಿ R2ರ 3 ವೋಲ್ಟ್ ಕಳೆದರೆ 6. ಮೂರೂ ಒಂದೇ ಬಂದರೆ ಉತ್ತರ ಸರಿ.

ಇನ್ನೊಂದು ತಾಳೆ ಶಕ್ತಿಯದು. V1 ಕೊಡುವುದು 8 × 2 = 16 mW, V2 ಕೊಡುವುದು 9 × 1 = 9 mW, ಒಟ್ಟು 25. ರೆಸಿಸ್ಟರುಗಳು ಬಿಸಿಯಾಗಿ ಕಳೆಯುವುದು R1ರಲ್ಲಿ 4, R2ರಲ್ಲಿ 3, R3ರಲ್ಲಿ 18, ಅದೂ 25 mW.

## ಉತ್ತರ ತಪ್ಪಿದರೆ: ಸಂಖ್ಯೆ ನೋಡಿ ತಪ್ಪು ಹಿಡಿಯುವುದು

ಇದೇ ಸರ್ಕ್ಯೂಟಿಗೆ ಬೇರೆ ಉತ್ತರ ಬಂದಿದ್ದರೆ, ಆ ಉತ್ತರವೇ ತಪ್ಪಿನ ವಿಳಾಸ ಹೇಳುತ್ತದೆ.

I1 = 5.27, I2 = 3.91 mA ಬಂದರೆ ಬಲಗಡೆ −9ರ ಬದಲು +9 ಬರೆದಿದ್ದೀರಿ. ತಾಳೆ ನೋಡಿ: ಎಡದಿಂದ b ಬಿಂದು 2.73 ವೋಲ್ಟ್, ನಡುವಿನಿಂದಲೂ 2.73, ಆದರೆ ಬಲದಿಂದ 9 + 11.73 = 20.73. ಎರಡು ದಾರಿ ಕೂಡಿಬಂದು ಬಲದ್ದು ಮಾತ್ರ ಮುರಿದಿದೆ, ಹಾಗಾಗಿ ತಪ್ಪು ಎರಡನೇ ಲೂಪಿನಲ್ಲಿದೆ. ಅಂದಹಾಗೆ V2ವನ್ನು ತಲೆಕೆಳಗು ಜೋಡಿಸಿದ್ದರೆ ಇದೇ ಸರಿಯುತ್ತರವಾಗುತ್ತಿತ್ತು.

I1 = 5.27, I2 = −3.91 mA ಬಂದರೆ ಸಂಖ್ಯೆಗಳು ಅವೇ, ಆದರೆ ತಪ್ಪು ಬೇರೆ. ನಡುವಿನ ರೆಸಿಸ್ಟರಿಗೆ ಎರಡೂ ಸಮೀಕರಣಗಳಲ್ಲಿ I1 + I2 ಬರೆದಿದ್ದೀರಿ. ಇಲ್ಲಿ ಎಡದಿಂದ 2.73 ವೋಲ್ಟ್, ನಡುವಿನಿಂದ 18.36 ವೋಲ್ಟ್ ಬಂದು ಆರಂಭದಲ್ಲೇ ಬಿರುಕು ಕಾಣುತ್ತದೆ.

I1 = 1.2, I2 = −2.2 mA ಬಂದರೆ ಎರಡನೇ ಸಮೀಕರಣದಲ್ಲಿ I2ರ ಮುಂದೆ 5 ಬದಲು 3 ಇದೆ. R3 ಮೊದಲ ಲೂಪಿಗೆ «ಆಗಲೇ ಲೆಕ್ಕಕ್ಕೆ ಬಂತು» ಎಂದು ಬಲ ಲೂಪಿನ ಮೊತ್ತದಿಂದ ಅದನ್ನು ಬಿಟ್ಟಿರುತ್ತೀರಿ. ನಡುವಿನ ರೆಸಿಸ್ಟರು ಎರಡೂ ಲೂಪಿಗೆ ಪೂರ್ತಿಯಾಗಿ ಸೇರಿದ್ದು.

ಭಾಜಕದಲ್ಲಿ 11ರ ಬದಲು 19 ಬಂದರೆ ಎರಡು −2ಗಳಲ್ಲಿ ಒಂದರ ಚಿಹ್ನೆ ಮಾತ್ರ ತಿರುಗಿದೆ. 3 × 5ರಿಂದ 4 ಕಳೆಯುವ ಕಡೆ ಕೂಡಿಸಿದ್ದರ ಫಲ ಅದು. ಹಂತ 5ರ ರೂಪ ನೋಡಿದ್ದರೆ ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ.

## ಹಂತ 9: ಜೋಡಿಸಿ ಅಳೆಯುವುದಾದರೆ

ಎರಡೂ ಸಪ್ಲೈಗಳ ಮೈನಸ್ ತುದಿಗಳನ್ನು d ಬಿಂದುವಿನಲ್ಲಿ ಒಟ್ಟಿಗೆ ಸೇರಿಸಲೇಬೇಕು. ಆ ತಂತಿ ಮರೆತರೆ ಬಲ ಲೂಪ್ ಮುಚ್ಚುವುದೇ ಇಲ್ಲ: R2ರ ಮೇಲೆ 0 ವೋಲ್ಟ್, R3ರ ಮೇಲೆ ಸುಮಾರು 5.33 ವೋಲ್ಟ್ ಕಾಣುತ್ತದೆ. ಆ ಎರಡು ಸಂಖ್ಯೆ ಒಟ್ಟಿಗೆ ಕಂಡರೆ ಮೊದಲು ಆ ತಂತಿಯನ್ನೇ ಹುಡುಕಿ.

ಕರೆಂಟನ್ನು ನೇರವಾಗಿ ಅಳೆಯುವ ಬದಲು ಪ್ರತಿ ರೆಸಿಸ್ಟರಿನ ಮೇಲಿನ ವೋಲ್ಟೇಜ್ ಅಳೆದು kΩನಿಂದ ಭಾಗಿಸಿ. R1, R2, R3ರ ಮೇಲೆ ಕ್ರಮವಾಗಿ 2, 3, 6 ವೋಲ್ಟ್ ಬರಬೇಕು. ಮೀಟರನ್ನು ಕರೆಂಟ್ ಅಳೆಯುವ ಸ್ಥಾನದಲ್ಲಿಟ್ಟು ಸಪ್ಲೈನ ಎರಡು ತುದಿಗಳಿಗೆ ಮುಟ್ಟಿಸಿದರೆ ಅದು ಶಾರ್ಟ್ ಮಾಡಿದಂತೆಯೇ, ಮೀಟರಿನ ಫ್ಯೂಸ್ ಹೋಗುತ್ತದೆ.

ದಿಕ್ಕನ್ನೂ ಮೀಟರಿನಿಂದಲೇ ನೋಡಬಹುದು. R2ರ ಎಡ ತುದಿಗೆ ಕೆಂಪು ಪ್ರೋಬ್, ಬಲ ತುದಿಗೆ ಕಪ್ಪು ಪ್ರೋಬ್ ಇಟ್ಟರೆ I2 ಬಾಣದ ದಿಕ್ಕಿನಲ್ಲಿ ಅಳೆದಂತೆ. ಮೀಟರ್ −3 ತೋರಿಸುತ್ತದೆ. ಕಾಗದದ ಮೇಲಿನ ಮೈನಸ್ ಇದೇ.

ಶೇ. 5 ಸಹನೆಯ ರೆಸಿಸ್ಟರುಗಳಲ್ಲಿ b ಬಿಂದುವಿನ ವೋಲ್ಟೇಜ್ 5.8ರಿಂದ 6.2ರ ನಡುವೆ ಎಲ್ಲಿದ್ದರೂ ಸರಿ. 9 ವೋಲ್ಟ್‌ಗೆ ಬ್ಯಾಟರಿ ಬಳಸಿದರೆ ಮೇಲೆ ಬರೆದ 9ನ್ನು ನಂಬದೆ, ಸರ್ಕ್ಯೂಟಿಗೆ ಜೋಡಿಸಿದ ಮೇಲೆ ಅದರ ತುದಿಗಳಲ್ಲಿ ಅಳೆದ ಬೆಲೆಯನ್ನೇ ಸಮೀಕರಣದಲ್ಲಿ ಹಾಕಿ.

V2ವನ್ನು ಕಡಿಮೆ ಮಾಡಿ ಆಡುವ ಮೊದಲು ಒಂದು ಎಚ್ಚರಿಕೆ. V1 = 8 ಇಟ್ಟು ಇದೇ ಸಮೀಕರಣಗಳನ್ನು ಬಿಡಿಸಿದರೆ

```
I2 = (16 − 3·V2) / 11
```

V2 5.33 ವೋಲ್ಟ್ ಇದ್ದಾಗ I2 ಸೊನ್ನೆ. ಅದಕ್ಕಿಂತ ಕೆಳಗೆ ಬಂದರೆ I2 ಪ್ಲಸ್ ಆಗುತ್ತದೆ, ಅಂದರೆ ಕರೆಂಟ್ V2ರ ಪ್ಲಸ್ ತುದಿಯೊಳಕ್ಕೆ ನುಗ್ಗುತ್ತದೆ. ಉದಾಹರಣೆಗೆ ಅಲ್ಲಿ 3 ವೋಲ್ಟ್ ಇದ್ದರೆ 0.64 mA ಒಳಹೋಗುತ್ತದೆ. ಚಾರ್ಜ್ ಮಾಡಬಾರದ ಬ್ಯಾಟರಿಯನ್ನು ಅಲ್ಲಿ ಇಡಬೇಡಿ. ಸಾಮಾನ್ಯ ಬೆಂಚ್ ಸಪ್ಲೈಗಳಲ್ಲಿ ಹಲವು ಒಳಬರುವ ಕರೆಂಟನ್ನು ನುಂಗಲಾರವು. ಆಗ ಅದರ ತುದಿಗಳ ವೋಲ್ಟೇಜ್ ನೀವು ಇಟ್ಟ 3ಕ್ಕಿಂತ ಮೇಲೇರಿ ನಿಲ್ಲುತ್ತದೆ. ಲೆಕ್ಕಕ್ಕೂ ಅಳತೆಗೂ ಹೊಂದದಿದ್ದಾಗ ಸಮೀಕರಣವನ್ನು ತಿದ್ದಲು ಹೊರಡುವ ಮೊದಲು I2ರ ಚಿಹ್ನೆಯನ್ನೂ V2ರ ತುದಿಗಳಲ್ಲಿ ನಿಜವಾಗಿ ಇರುವ ವೋಲ್ಟೇಜನ್ನೂ ನೋಡಿ.